ಜಾಗ ಬಿಟ್ಟ ಸಹಾಯಕ ಕ್ರಿಯಾಪದ: ಇಂಗ್ಲಿಷಿನ ಆಡುಮಾತಿನಲ್ಲಿ ಪ್ರಶ್ನೆಯ ರಚನೆ

ಇಂಗ್ಲಿಷಿನ ಆಡುಮಾತಿನ ಪ್ರಶ್ನೆಗಳು ವ್ಯಾಕರಣ ಪುಸ್ತಕದ ಮಾದರಿಯಿಂದ ಎರಡು ಬಗೆಯಲ್ಲಿ ದೂರ ಸರಿಯುತ್ತವೆ. ಒಂದು ಬಗೆಯಲ್ಲಿ ಸಹಾಯಕ ಕ್ರಿಯಾಪದವೇ ಇರುವುದಿಲ್ಲ. ಸಹಾಯಕ ಕ್ರಿಯಾಪದವೆಂದರೆ ಶಾಲೆಯಲ್ಲಿ ‘ಹೆಲ್ಪಿಂಗ್ ವರ್ಬ್’ ಎಂದು ಕಲಿಸುವ ಈಸ್, ಆರ್, ಡು, ಡಿಡ್, ಹ್ಯಾವ್, ವಿಲ್, ಕ್ಯಾನ್ ಮೊದಲಾದ ಪದಗಳು. ‘ಯು ಕಮಿಂಗ್?’, ‘ವೇರ್ ಯು ಗೋಯಿಂಗ್?’ ಎಂಬ ಪ್ರಶ್ನೆಗಳು ಈ ಬಗೆಗೆ ಸೇರುತ್ತವೆ. ಇನ್ನೊಂದು ಬಗೆಯಲ್ಲಿ ಪದಗಳೆಲ್ಲ ಇದ್ದರೂ ಅವುಗಳ ಕ್ರಮ ತಪ್ಪಿರುತ್ತದೆ: ‘ವೇರ್ ಯು ಆರ್ ಗೋಯಿಂಗ್?’, ‘ವೈ ಹಿ ಡಿಡಂಟ್ ಕಮ್?’. ಕನ್ನಡ ಮಾತಾಡುವವರ ಬಾಯಲ್ಲಿ, ಒಟ್ಟಾರೆ ಭಾರತದ ಆಡು ಇಂಗ್ಲಿಷಿನಲ್ಲಿ, ಎರಡನೆಯ ಬಗೆ ಬಹಳ ಸಾಮಾನ್ಯವಾದದ್ದು. ಮೇಲುನೋಟಕ್ಕೆ ಮೊದಲನೆಯದರಲ್ಲಿ ಒಂದು ಪದವೇ ಬಿಟ್ಟುಹೋಗಿರುವುದರಿಂದ ಅದೇ ದೊಡ್ಡ ತಪ್ಪೆಂದೂ, ಎರಡನೆಯದರಲ್ಲಿ ಎಲ್ಲವೂ ಇರುವುದರಿಂದ ಅದು ಸಣ್ಣ ತಪ್ಪೆಂದೂ ತೋರುತ್ತದೆ. ಇಂಗ್ಲಿಷನ್ನು ತಾಯ್ನುಡಿಯಾಗಿ ಆಡುವವರ ಕಿವಿಗೆ ವಿಷಯ ತಿರುಗುಮುರುಗಾಗಿ ಕೇಳಿಸುತ್ತದೆ: ‘ವೇರ್ ಯು ಗೋಯಿಂಗ್?’ ಎಂಬುದು ಅವರು ಸ್ವತಃ ಗೆಳೆಯರ ನಡುವೆ ಆಡುವ ಮಾತು, ‘ವೇರ್ ಯು ಆರ್ ಗೋಯಿಂಗ್?’ ಎಂಬುದು ಅವರಲ್ಲಿ ಬಹುಪಾಲು ಜನ ಎಂದೂ ಆಡದ ಮಾತು. ಪದವನ್ನು ಬಿಡುವುದು ಏಕೆ ಸಲ್ಲುತ್ತದೆ, ಅದೇ ಪದವನ್ನು ಬೇರೆ ಕಡೆ ಇಡುವುದು ಏಕೆ ಸಲ್ಲುವುದಿಲ್ಲ ಎಂಬುದನ್ನು ಅರಿಯಲು ಇಂಗ್ಲಿಷ್ ಪ್ರಶ್ನೆ ಹುಟ್ಟುವ ರೀತಿಯನ್ನು ಬುಡದಿಂದ ನೋಡಬೇಕಾಗುತ್ತದೆ.

ಇಂಗ್ಲಿಷಿನಲ್ಲಿ ಹೇಳಿಕೆಯೊಂದು ಪ್ರಶ್ನೆಯಾಗುವುದು ಮುಖ್ಯವಾಗಿ ಒಂದೇ ಪಲ್ಲಟದಿಂದ: ಕರ್ತೃವಿನ ನಂತರ ಇರುವ ಸಹಾಯಕ ಕ್ರಿಯಾಪದ ಕರ್ತೃವಿನ ಮುಂದಕ್ಕೆ ಬರುತ್ತದೆ. ‘ಯು ಆರ್ ಗೋಯಿಂಗ್’ ಎಂಬ ಹೇಳಿಕೆ ‘ಆರ್ ಯು ಗೋಯಿಂಗ್?’ ಎಂದಾಗುತ್ತದೆ. ವಾಟ್, ವೇರ್, ವೆನ್, ವೈ, ಹೌ ಮುಂತಾದ ಪ್ರಶ್ನಾರ್ಥಕ ಪದವಿದ್ದರೆ ಅದು ಇನ್ನೂ ಮುಂದೆ, ವಾಕ್ಯದ ತಲೆಯಲ್ಲಿ, ನಿಲ್ಲುತ್ತದೆ: ‘ವೇರ್ ಆರ್ ಯು ಗೋಯಿಂಗ್?’. ತೊಡಕು ಹುಟ್ಟುವುದು ಹೇಳಿಕೆಯಲ್ಲಿ ಸಹಾಯಕ ಕ್ರಿಯಾಪದವೇ ಇಲ್ಲದಿರುವಾಗ. ‘ಹಿ ವರ್ಕ್ಸ್ ಇನ್ ಮೈಸೂರು’ ಎಂಬ ವಾಕ್ಯದಲ್ಲಿ ಮುಂದಕ್ಕೆ ಬರಬಹುದಾದ ಬಿಡಿ ಪದವಿಲ್ಲ. ಆದರೆ ಸಹಾಯಕ ಕ್ರಿಯಾಪದ ಮಾಡುವ ಕೆಲಸ, ಅಂದರೆ ಕಾಲವನ್ನೂ ಕರ್ತೃವಿನ ವಚನವನ್ನೂ ಸೂಚಿಸುವ ಕೆಲಸ, ‘ವರ್ಕ್ಸ್’ ಎಂಬುದರ ಕೊನೆಯ ‘ಸ್’ನಲ್ಲಿ ಅಡಗಿದೆ. ಪ್ರಶ್ನೆ ಕೇಳುವಾಗ ಈ ‘ಸ್’ ಕ್ರಿಯಾಪದದಿಂದ ಕಳಚಿಕೊಳ್ಳುತ್ತದೆ, ಒಂಟಿಯಾಗಿ ನಿಲ್ಲಲಾರದ ಕಾರಣ ‘ಡು’ ಎಂಬ ಆಸರೆಯನ್ನು ಹಿಡಿದು ‘ಡಸ್’ ಆಗುತ್ತದೆ, ಹಾಗೆ ಆಗಿ ಕರ್ತೃವಿನ ಮುಂದೆ ನಿಲ್ಲುತ್ತದೆ. ಹಿಂದೆ ಉಳಿಯುವುದು ಬರಿಯ ‘ವರ್ಕ್’: ‘ವೇರ್ ಡಸ್ ಹಿ ವರ್ಕ್?’. ಭೂತಕಾಲದಲ್ಲೂ ಇದೇ ನಡೆ. ‘ಹಿ ವೆಂಟ್’ ಎಂಬುದರಲ್ಲಿನ ಭೂತಕಾಲ ‘ಡಿಡ್’ ಆಗಿ ಮುಂದೆ ಹೋದ ಮೇಲೆ ‘ವೆಂಟ್’ ಮರಳಿ ‘ಗೋ’ ಆಗುತ್ತದೆ. ‘ವೇರ್ ಡಿಡ್ ಹಿ ವೆಂಟ್?’ ಎಂದು ಕೇಳುವವರು ಕಾಲವನ್ನು ಮುಂದೆ ಕಳಿಸಿಯೂ ಹಿಂದೆ ಉಳಿಸಿಕೊಂಡಿರುತ್ತಾರೆ, ‘ವೇರ್ ಹಿ ವೆಂಟ್?’ ಎಂದು ಕೇಳುವವರು ಅದನ್ನು ಕಳಿಸಿಯೇ ಇರುವುದಿಲ್ಲ.

ಈ ‘ಡು’ ಇಂಗ್ಲಿಷಿಗೆ ಆದಿಯಿಂದ ಬಂದದ್ದಲ್ಲ. ಚಾಸರ್ ಕವಿಯ ಕಾಲದ, ಅಂದರೆ 14ನೆಯ ಶತಮಾನದ ಇಂಗ್ಲಿಷಿನಲ್ಲಿ ಯಾವ ಕ್ರಿಯಾಪದವಾದರೂ ನೇರವಾಗಿ ಕರ್ತೃವಿನ ಮುಂದೆ ಬರಬಹುದಾಗಿತ್ತು. ‘ವೇರ್ ಲಿವ್ಸ್ ಹಿ?’ ಎಂಬ ಬಗೆಯ ಪ್ರಶ್ನೆ ಅಂದಿಗೆ ಸಹಜ, ಜರ್ಮನ್ ಮತ್ತು ಡಚ್ ಭಾಷೆಗಳಲ್ಲಿ ಈ ಕ್ರಮ ಇಂದಿಗೂ ಹಾಗೆಯೇ ಇದೆ. 16ನೆಯ ಶತಮಾನದಲ್ಲಿ ‘ಡು’ ಬಳಸಿದ ಪ್ರಶ್ನೆಗಳು ವೇಗವಾಗಿ ಹೆಚ್ಚಿದವು. ಶೇಕ್ಸ್‌ಪಿಯರನ ನಾಟಕಗಳಲ್ಲಿ ಎರಡೂ ಕ್ರಮಗಳು ಅಕ್ಕಪಕ್ಕದಲ್ಲಿ ಕಾಣುತ್ತವೆ. ಹಳೆಯ ಗ್ರಂಥಗಳನ್ನು ಜಾಲಾಡಿ ಈ ಬದಲಾವಣೆಯ ಏರುಗತಿಯನ್ನು ತೋರಿಸಿಕೊಟ್ಟವನು ಸ್ವೀಡನ್ನಿನ ವಿದ್ವಾಂಸ ಆಲ್ವಾರ್ ಎಲ್ಲೆಗಾರ್ಡ್. ಅವನ ಅಧ್ಯಯನ 1953ರಲ್ಲಿ ಪ್ರಕಟವಾಯಿತು. ಕಲಿಯುವವರಿಗೆ ಇಷ್ಟು ಕಾಡುವ ‘ಡು’, ‘ಡಸ್’, ‘ಡಿಡ್’ಗಳು ಹೀಗೆ ಸ್ವತಃ ಇಂಗ್ಲಿಷಿನೊಳಗೇ ಕೊಂಚ ತಡವಾಗಿ ನೆಲೆಯೂರಿದ ಪದಗಳು. ಹಳೆಯ ಕ್ರಮದಲ್ಲಾಗಲಿ ಹೊಸ ಕ್ರಮದಲ್ಲಾಗಲಿ ಬದಲಾಗದೆ ಉಳಿದ ಅಂಶವೊಂದಿದೆ: ನೇರ ಪ್ರಶ್ನೆಯಲ್ಲಿ ಕಾಲವನ್ನು ಹೊತ್ತ ಪದ ಕರ್ತೃವಿನ ಮುಂದೆ ಇರಬೇಕು.

ಕನ್ನಡದಲ್ಲಿ ಇಂಥ ಪಲ್ಲಟವೇ ಇಲ್ಲ. ‘ಅವನು ಮೈಸೂರಿಗೆ ಹೋದ’ ಎಂಬ ಹೇಳಿಕೆ ‘ಅವನು ಎಲ್ಲಿಗೆ ಹೋದ?’ ಎಂದು ಪ್ರಶ್ನೆಯಾಗುವಾಗ ‘ಮೈಸೂರಿಗೆ’ ಇದ್ದ ಜಾಗದಲ್ಲಿ ‘ಎಲ್ಲಿಗೆ’ ಬಂದು ಕೂರುತ್ತದೆ, ಉಳಿದ ಪದಗಳು ಮಿಸುಕುವುದಿಲ್ಲ. ಹೌದು ಅಥವಾ ಇಲ್ಲ ಎಂಬ ಉತ್ತರ ಬಯಸುವ ಪ್ರಶ್ನೆಗಾದರೆ ಕೊನೆಗೆ ಒಂದು ‘ಆ’ ಅಥವಾ ‘ಏ’ ಸೇರಿದರೆ ಸಾಕು: ‘ಹೋದನಾ?’, ‘ಹೋದನೇ?’. ಆದ್ದರಿಂದ ಕನ್ನಡದ ಮನಸ್ಸು ಇಂಗ್ಲಿಷಿನಲ್ಲಿ ಪ್ರಶ್ನೆ ಕಟ್ಟುವಾಗ ವೇರ್, ವೈ, ವಾಟ್ ಎಂಬ ಪದಗಳನ್ನು ತಲೆಯಲ್ಲಿ ಇಡುವುದನ್ನು ಬೇಗ ಕಲಿಯುತ್ತದೆ, ಏಕೆಂದರೆ ಅವು ಕಣ್ಣಿಗೆ ಹೊಡೆಯುವಂಥವು. ಆ ಪದ ಬಂದ ಕೂಡಲೇ ಪ್ರಶ್ನೆಯ ಕೆಲಸ ಮುಗಿಯಿತೆಂದು ಅದು ಭಾವಿಸುತ್ತದೆ, ಉಳಿದದ್ದನ್ನು ಹೇಳಿಕೆಯ ಕ್ರಮದಲ್ಲೇ ಬಿಡುತ್ತದೆ. ‘ವೇರ್’ ಎಂದಮೇಲೆ ಇದು ಪ್ರಶ್ನೆಯೆಂಬುದು ಗೊತ್ತೇ ಆಗಿರುವಾಗ ‘ಯು ಆರ್’ ಎಂಬುದನ್ನು ‘ಆರ್ ಯು’ ಎಂದು ತಿರುಗಿಸುವುದು ಕನ್ನಡದ ದೃಷ್ಟಿಯಿಂದ ಅನಗತ್ಯ ದುಡಿಮೆ. ಈ ನಡೆ ಕನ್ನಡಿಗರಿಗೆ ಮಾತ್ರ ಸೇರಿದ್ದೂ ಅಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ರೋಜರ್ ಬ್ರೌನ್ ನಡೆಸಿದ ಅಧ್ಯಯನದ ಮೂವರು ಮಕ್ಕಳ ಮಾತನ್ನು ಆಧರಿಸಿ ಎಡ್ವರ್ಡ್ ಕ್ಲೀಮಾ ಮತ್ತು ಉರ್ಸುಲಾ ಬೆಲ್ಲೂಜಿ 1966ರಲ್ಲಿ ಬರೆದ ಲೇಖನದ ಪ್ರಕಾರ, ಇಂಗ್ಲಿಷನ್ನೇ ತಾಯ್ನುಡಿಯಾಗಿ ಕಲಿಯುವ ಆ ಮಕ್ಕಳು ಮೊದಲು ಸಹಾಯಕ ಕ್ರಿಯಾಪದವಿಲ್ಲದೆ ಪ್ರಶ್ನೆ ಕೇಳುತ್ತಿದ್ದರು, ನಂತರದ ಒಂದು ಹಂತದಲ್ಲಿ ಹೌದು-ಇಲ್ಲ ಪ್ರಶ್ನೆಗಳಲ್ಲಿ ಕ್ರಮ ಪಲ್ಲಟಿಸಿದರೂ ವಾಟ್, ವೈ ಇರುವ ಪ್ರಶ್ನೆಗಳಲ್ಲಿ ಹೇಳಿಕೆಯ ಕ್ರಮವನ್ನೇ ಉಳಿಸಿಕೊಳ್ಳುತ್ತಿದ್ದರು. ಎಲ್ಲ ಮಕ್ಕಳೂ ಇಷ್ಟು ಸ್ಪಷ್ಟವಾಗಿ ಈ ಹಂತಗಳನ್ನು ಹಾಯುವುದಿಲ್ಲವೆಂದು ಮುಂದಿನ ಅಧ್ಯಯನಗಳು ತೋರಿಸಿದವಾದರೂ, ಪ್ರಶ್ನಾರ್ಥಕ ಪದ ಮುಂದಿದ್ದಾಗ ಪಲ್ಲಟವನ್ನು ಮರೆಯುವುದು ಸುಲಭವೆಂಬ ಮಾತಿಗೆ ಆ ಮಕ್ಕಳ ನಡೆ ಬೆಂಬಲ ಕೊಡುತ್ತದೆ.

ಕನ್ನಡಿಗರ ತಪ್ಪಿಗೆ ಇನ್ನೊಂದು ಕಾರಣವೂ ಇದೆ, ಅದು ಇಂಗ್ಲಿಷಿನ ಒಳಗೇ ಇದೆ. ‘ವೇರ್ ಯು ಆರ್ ಗೋಯಿಂಗ್’ ಎಂಬ ಪದಸರಣಿ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ ಎಂದೇನಲ್ಲ. ‘ಟೆಲ್ ಮಿ ವೇರ್ ಯು ಆರ್ ಗೋಯಿಂಗ್’ ಎಂಬ ವಾಕ್ಯದಲ್ಲಿ ಅದು ಪೂರ್ತಿ ಶುದ್ಧವಾಗಿದೆ. ಒಂದು ಪ್ರಶ್ನೆ ಇನ್ನೊಂದು ವಾಕ್ಯದ ಹೊಟ್ಟೆಯೊಳಗೆ ಸೇರಿದಾಗ, ಅಂದರೆ ‘ಹೇಳು’, ‘ಗೊತ್ತಿಲ್ಲ’, ‘ಕೇಳಿದ’ ಎಂಬಂಥ ಕ್ರಿಯೆಗೆ ಅಧೀನವಾದಾಗ, ಇಂಗ್ಲಿಷ್ ಪಲ್ಲಟವನ್ನು ಕೈಬಿಡುತ್ತದೆ. ಇದನ್ನು ಅಧೀನ ಪ್ರಶ್ನೆ ಎನ್ನಬಹುದು. ಹೀಗಾಗಿ ಕರ್ತೃ ಮುಂದೋ ಸಹಾಯಕ ಕ್ರಿಯಾಪದ ಮುಂದೋ ಎಂಬುದು ಇಂಗ್ಲಿಷಿನಲ್ಲಿ ಬರಿಯ ಅಲಂಕಾರವಲ್ಲ; ಮಾತಾಡುವವರು ನೇರವಾಗಿ ಕೇಳುತ್ತಿದ್ದಾರೋ ಅಥವಾ ಪ್ರಶ್ನೆಯ ಬಗ್ಗೆ ಮಾತಾಡುತ್ತಿದ್ದಾರೋ ಎಂಬುದನ್ನು ತಿಳಿಸುವ ಗುರುತು. ಕನ್ನಡವೂ ಈ ವ್ಯತ್ಯಾಸವನ್ನು ಗುರುತಿಸದೆ ಬಿಡುವುದಿಲ್ಲ, ಆದರೆ ಪದಕ್ರಮದಿಂದಲ್ಲದೆ ಪ್ರತ್ಯಯದಿಂದ ಗುರುತಿಸುತ್ತದೆ. ‘ಎಲ್ಲಿಗೆ ಹೋದ?’ ಎಂಬುದು ನೇರ ಪ್ರಶ್ನೆಯಾದರೆ ‘ಎಲ್ಲಿಗೆ ಹೋದನೋ ಗೊತ್ತಿಲ್ಲ’ ಎಂಬುದು ಅಧೀನ ಪ್ರಶ್ನೆ, ‘ಬರುತ್ತಾನಾ?’ ಎಂಬುದು ನೇರ, ‘ಬರುತ್ತಾನೋ ಇಲ್ಲವೋ ತಿಳಿಯದು’ ಎಂಬುದು ಅಧೀನ. ಕನ್ನಡದ ‘ಓ’ ಎಲ್ಲಿ ಸಹಜವಾಗಿ ಬರಬಹುದೋ ಅಲ್ಲಿ ಇಂಗ್ಲಿಷ್ ಹೇಳಿಕೆಯ ಕ್ರಮವನ್ನು ಇಟ್ಟುಕೊಳ್ಳುತ್ತದೆ, ‘ಓ’ ಬರಲಾಗದ ನೇರ ಪ್ರಶ್ನೆಯಲ್ಲಿ ಪಲ್ಲಟಿಸುತ್ತದೆ ಎಂದು ನೆನಪಿಟ್ಟುಕೊಂಡರೆ ಬಹುತೇಕ ವಾಕ್ಯಗಳು ಸರಿಹೋಗುತ್ತವೆ. ‘ಎಲ್ಲಿದ್ದಾನೆ ಹೇಳು’ ಎಂಬ ಕಡೆ ಕನ್ನಡದಲ್ಲಿ ‘ಓ’ ಕಾಣದಿದ್ದರೂ ‘ಎಲ್ಲಿದ್ದಾನೋ ಹೇಳು’ ಎನ್ನಲು ಅಡ್ಡಿಯಿಲ್ಲ, ಆದ್ದರಿಂದ ಅಲ್ಲಿಯೂ ‘ಟೆಲ್ ಮಿ ವೇರ್ ಹಿ ಈಸ್’ ಎಂಬ ಕ್ರಮವೇ ಸರಿ. ಭಾರತೀಯ ಆಡು ಇಂಗ್ಲಿಷಿನಲ್ಲಿ ಇವೆರಡೂ ಅದಲುಬದಲಾಗುವುದನ್ನು, ಅಂದರೆ ನೇರ ಪ್ರಶ್ನೆಯಲ್ಲಿ ಪಲ್ಲಟವಿಲ್ಲದೆ ಅಧೀನ ಪ್ರಶ್ನೆಯಲ್ಲಿ ಪಲ್ಲಟವಿರುವುದನ್ನು, ಭಾಷಾವಿಜ್ಞಾನಿ ರಾಕೇಶ್ ಭಟ್ ಗುರುತಿಸಿ ಚರ್ಚಿಸಿದ್ದಾರೆ. ‘ವಾಟ್ ಈಸ್ ಯುವರ್ ನೇಮ್?’ ಎಂಬುದನ್ನು ಇಡಿಯಾಗಿ ಬಾಯಿಪಾಠ ಮಾಡಿದವರು ಅದನ್ನು ಒಡೆಯದೆ ‘ಟೆಲ್ ಮಿ ವಾಟ್ ಈಸ್ ಯುವರ್ ನೇಮ್’ ಎಂದು ಜೋಡಿಸುವುದು ಈ ಅದಲುಬದಲಿನ ಅತ್ಯಂತ ಪರಿಚಿತ ರೂಪ.

ಇನ್ನು ಸಹಾಯಕ ಕ್ರಿಯಾಪದ ಕಾಣೆಯಾಗುವ ಬಗೆ. ‘ಆರ್ ಯು ಗೋಯಿಂಗ್?’ ಎಂಬ ಪ್ರಶ್ನೆ ಸಲಿಗೆಯ ಮಾತಿನಲ್ಲಿ ‘ಯು ಗೋಯಿಂಗ್?’ ಆಗುತ್ತದೆ, ಇನ್ನೂ ಸವೆದರೆ ಬರಿಯ ‘ಗೋಯಿಂಗ್?’ ಆಗುತ್ತದೆ, ಆದರೆ ‘ಆರ್ ಗೋಯಿಂಗ್?’ ಎಂದು ಆಗುವುದಿಲ್ಲ. ‘ಡು ಯು ವಾಂಟ್ ಟೀ?’ ಎಂಬುದು ‘ಯು ವಾಂಟ್ ಟೀ?’ ಮತ್ತು ‘ವಾಂಟ್ ಟೀ?’ ಆಗಬಲ್ಲದು, ‘ಡು ವಾಂಟ್ ಟೀ?’ ಆಗಲಾರದು. ಹಳೆಯ ಗೋಡೆಯ ಗಾರೆ ಅಂಚಿನಿಂದ ಉದುರುತ್ತ ಬರುವಂತೆ ವಾಕ್ಯದ ಆರಂಭದ ಅಂಚಿನಿಂದಲೇ ಪದಗಳು ಒಂದೊಂದಾಗಿ ಸವೆಯುತ್ತವೆ, ಮುಂದಿನದು ಉಳಿದಿರುವಾಗ ನಡುವಿನದು ಉದುರುವುದಿಲ್ಲ. ಈ ಒಂದು ಸಂಗತಿಯಿಂದಲೇ ಒಂದು ಮುಖ್ಯ ತೀರ್ಮಾನಕ್ಕೆ ಬರಬಹುದು: ಸಹಾಯಕ ಕ್ರಿಯಾಪದ ಅಂಚಿನಿಂದ ಉದುರಬೇಕಾದರೆ ಅದು ಮೊದಲೇ ಅಂಚಿಗೆ ಬಂದಿರಬೇಕು, ಅಂದರೆ ಪಲ್ಲಟ ಆಗಿ ಮುಗಿದಿರಬೇಕು. ‘ಯು ಗೋಯಿಂಗ್?’ ಎನ್ನುವವರು ಪಲ್ಲಟವನ್ನು ಮರೆತವರಲ್ಲ. ಪಲ್ಲಟಿಸಿದ ಮೇಲೆ ಮುಂದಿನ ಪದವನ್ನು ಉಚ್ಚರಿಸದೆ ಬಿಟ್ಟವರು.

ಈ ಮಾತಿಗೆ ಗಟ್ಟಿಯಾದ ಪುರಾವೆ ಪ್ರಥಮ ಪುರುಷ ಏಕವಚನದಲ್ಲಿ, ಅಂದರೆ ಇಂಗ್ಲಿಷಿನ ‘ಹಿ’, ‘ಶಿ’ ಇರುವ ವಾಕ್ಯಗಳಲ್ಲಿ ಸಿಗುತ್ತದೆ. ‘ಶಿ ಲೈಕ್ ಇಟ್?’ ಮತ್ತು ‘ಶಿ ಲೈಕ್ಸ್ ಇಟ್?’ ಎಂಬ ಎರಡು ಪ್ರಶ್ನೆಗಳನ್ನು ಇಂಗ್ಲಿಷರ ಸಲಿಗೆಯ ಮಾತಿನಲ್ಲಿ ಕೇಳಬಹುದು. ಮೊದಲನೆಯದರಲ್ಲಿ ಕ್ರಿಯಾಪದಕ್ಕೆ ‘ಸ್’ ಇಲ್ಲದಿರುವುದು ವ್ಯಾಕರಣದ ಅಜ್ಞಾನದಿಂದಲ್ಲ. ಆ ‘ಸ್’ ಉಚ್ಚರಿಸದೆ ಬಿಟ್ಟ ‘ಡಸ್’ನೊಂದಿಗೆ ಹೋಗಿದೆ. ಅದು ನಿಜವಾದ ಪ್ರಶ್ನೆ, ಉತ್ತರ ಏನೆಂದು ಕೇಳುವವರಿಗೆ ತಿಳಿಯದು. ಎರಡನೆಯದರಲ್ಲಿ ‘ಸ್’ ಕ್ರಿಯಾಪದದ ಮೇಲೇ ಕೂತಿದೆ, ಆದ್ದರಿಂದ ಅಲ್ಲಿ ಪಲ್ಲಟವೇ ಆಗಿಲ್ಲ. ಅದು ಏರುದನಿಯಲ್ಲಿ ಹೇಳಿದ ಹೇಳಿಕೆ. ಅದನ್ನು ಹೇಳಿಕಾ ಪ್ರಶ್ನೆ ಎಂದು ಕರೆಯಬಹುದು. ಅವಳಿಗೆ ಅದು ಇಷ್ಟವೆಂಬ ಸುಳಿವು ಕೇಳುವವರಿಗೆ ಆಗಲೇ ಸಿಕ್ಕಿರುತ್ತದೆ, ಅದನ್ನು ಖಚಿತಪಡಿಸಿಕೊಳ್ಳಲೋ ಅಚ್ಚರಿ ತೋರಲೋ ಹಾಗೆ ಕೇಳುತ್ತಾರೆ. ‘ಎನಿ’ ಎಂಬ ಪದವನ್ನು ಒಡ್ಡಿಯೂ ಇದನ್ನು ಪರೀಕ್ಷಿಸಬಹುದು. ‘ಎನಿ’ ಸಾಮಾನ್ಯವಾಗಿ ಪ್ರಶ್ನೆ ಮತ್ತು ನಿಷೇಧದ ವಾಕ್ಯಗಳಲ್ಲಿ ಬರುವ ಪದ, ಸರಳ ಹೇಳಿಕೆಯಲ್ಲಿ ಈ ಅರ್ಥದಲ್ಲಿ ನಿಲ್ಲುವುದಿಲ್ಲ. ‘ಹಿ ಹ್ಯಾವ್ ಎನಿ ಮನಿ?’ ಎಂಬುದು ಸಲಿಗೆಯ ಮಾತಿನಲ್ಲಿ ಸಲ್ಲುತ್ತದೆ, ‘ಹಿ ಹ್ಯಾಸ್ ಎನಿ ಮನಿ?’ ಎಂಬುದು ಇಂಗ್ಲಿಷರ ಕಿವಿಗೆ ಕೂಡಲೇ ತಪ್ಪಾಗಿ ಕೇಳಿಸುತ್ತದೆ. ಶಾಲೆಯ ಲೆಕ್ಕದಲ್ಲಿ ‘ಹಿ ಹ್ಯಾವ್’ ತಪ್ಪು, ‘ಹಿ ಹ್ಯಾಸ್’ ಸರಿ. ಇಲ್ಲಿ ಆ ಲೆಕ್ಕ ತಲೆಕೆಳಗಾಗುವುದು ಕೇಳಿಸದ ‘ಡಸ್’ ಒಂದು ವಾಕ್ಯದ ಮುಂದೆ ಇರುವುದರಿಂದ. ಉಚ್ಚರಿಸದ ಪದವೊಂದು ವಾಕ್ಯದ ಉಳಿದ ಪದಗಳ ರೂಪವನ್ನು ಇಷ್ಟು ಬಿಗಿಯಾಗಿ ಹಿಡಿದಿಡುವುದು ಈ ವಿಷಯದಲ್ಲಿ ಅತ್ಯಂತ ಸ್ವಾರಸ್ಯಕರವಾದ ಭಾಗವೆಂದು ಹೇಳಬೇಕು.

ಬಿಟ್ಟ ಪದವನ್ನು ಕೇಳುವವರು ಮರಳಿ ತುಂಬಿಕೊಳ್ಳುವುದೂ ಉಳಿದ ಪದದ ರೂಪದಿಂದಲೇ. ಮುಖ್ಯ ಕ್ರಿಯಾಪದಕ್ಕೆ ‘ಇಂಗ್’ ಇದ್ದರೆ ಬಿಟ್ಟದ್ದು ‘ಆರ್’ ಅಥವಾ ‘ಈಸ್’. ‘ಸೀನ್’, ‘ಬೀನ್’, ‘ಈಟನ್’ ಎಂಬ ಬಗೆಯ ಕೃದಂತ ರೂಪವಿದ್ದರೆ ಬಿಟ್ಟದ್ದು ‘ಹ್ಯಾವ್’. ಬರಿಯ ಮೂಲರೂಪವಿದ್ದರೆ ಬಿಟ್ಟದ್ದು ‘ಡು’, ‘ಡಸ್’ ಅಥವಾ ‘ಡಿಡ್’. ಕೊನೆಯ ಮೂರರ ನಡುವೆ ಯಾವುದೆಂದು ಕಾಲಸೂಚಕ ಪದವೋ ಸಂದರ್ಭವೋ ಹೇಳುತ್ತದೆ. ‘ಯು ಸೀ ಹಿಮ್ ಯೆಸ್ಟರ್ಡೇ?’ ಎಂದಾಗ ‘ಯೆಸ್ಟರ್ಡೇ’ ಇರುವುದರಿಂದ ಬಿಟ್ಟದ್ದು ‘ಡಿಡ್’ ಎಂಬುದು ಸ್ಪಷ್ಟ. ವಿಲ್, ಕ್ಯಾನ್, ಶುಡ್, ಮೇ ಎಂಬ ಸಹಾಯಕ ಕ್ರಿಯಾಪದಗಳನ್ನು ಈ ರೀತಿ ಬಿಡಲಾಗುವುದಿಲ್ಲ. ‘ಕ್ಯಾನ್ ಯು ಸ್ವಿಮ್?’ ಎಂಬುದನ್ನು ‘ಯು ಸ್ವಿಮ್?’ ಎಂದು ಮೊಟಕು ಮಾಡಿದರೆ ಕೇಳುವವರು ಅಲ್ಲಿ ‘ಡು’ವನ್ನು ತುಂಬಿಕೊಳ್ಳುತ್ತಾರೆ, ಈಜಲು ಬರುತ್ತದೆಯೇ ಎಂಬ ಪ್ರಶ್ನೆ ಈಜುವ ರೂಢಿಯಿದೆಯೇ ಎಂಬುದಾಗಿ ಬದಲಾಗುತ್ತದೆ. ಸಾಮರ್ಥ್ಯ, ಅನುಮತಿ, ಭವಿಷ್ಯ, ಕರ್ತವ್ಯ ಮುಂತಾದ ಅರ್ಥಗಳನ್ನು ಆ ಪದಗಳೇ ಹೊತ್ತಿರುವುದರಿಂದ ಅವು ಹೋದರೆ ಅರ್ಥವೂ ಹೋಗುತ್ತದೆ. ನಿಷೇಧಕ್ಕೂ ಇದೇ ಕಟ್ಟು: ‘ಡೋಂಟ್’, ‘ಡಿಡಂಟ್’, ‘ಈಸಂಟ್’ ಎಂಬುವನ್ನು ಬಿಟ್ಟರೆ ‘ಇಲ್ಲ’ ಎಂಬ ಅರ್ಥವೇ ಅಳಿಸಿಹೋಗುವುದರಿಂದ ಅವು ಎಂದೂ ಮೌನವಾಗುವುದಿಲ್ಲ. ಕರ್ತೃವಿನ ಮಟ್ಟಿಗೂ ಒಂದು ಎಲ್ಲೆ ಇದೆ. ಎದುರಿಗಿರುವವರನ್ನು ಕೇಳುವ ‘ಯು’ ಪ್ರಶ್ನೆಗಳಲ್ಲಿ ಈ ಬಿಡುವಿಕೆ ಧಾರಾಳ. ತನ್ನ ಬಗ್ಗೆಯೇ ಕೇಳುವ ‘ಆಮ್ ಐ ಲೇಟ್?’ ಎಂಬುದು ‘ಐ ಲೇಟ್?’ ಎಂದು ಕುಗ್ಗುವುದಿಲ್ಲ.

ಪ್ರಶ್ನಾರ್ಥಕ ಪದ ತಲೆಯಲ್ಲಿರುವಾಗ ಸಹಾಯಕ ಕ್ರಿಯಾಪದ ಅಂಚಿನಲ್ಲಿರುವುದಿಲ್ಲ, ಆದರೂ ‘ವೇರ್ ಯು ಗೋಯಿಂಗ್?’ ಎಂಬ ರೂಪ ಬಳಕೆಯಲ್ಲಿದೆ. ಇಲ್ಲಿ ಕೆಲಸ ಮಾಡುವುದು ಉಚ್ಚಾರಣೆಯ ಸವಕಳಿ. ‘ವೇರ್ ಆರ್ ಯು’ ಎಂಬುದನ್ನು ವೇಗವಾಗಿ ಆಡುವಾಗ ‘ಆರ್’ ಹಿಂದಿನ ‘ವೇರ್’ನಲ್ಲಿ ಕರಗಿ ಕೇಳಿಸದಂತಾಗುತ್ತದೆ. ‘ವಾಟ್ ಡು ಯು ವಾಂಟ್?’ ಎಂಬುದು ‘ವಾಡಯಾ ವಾಂಟ್?’ ಎಂಬಂತಾಗಿ, ಇನ್ನೂ ಸವೆದು ‘ವಾಟ್ ಯು ವಾಂಟ್?’ ಆಗುತ್ತದೆ. ‘ಈಸ್’ ಮಾತ್ರ ಅಷ್ಟು ಸುಲಭವಾಗಿ ಕರಗುವುದಿಲ್ಲ, ಅದರ ವ್ಯಂಜನ ಹಿಂದಿನ ಪದಕ್ಕೆ ಅಂಟಿ ‘ವೇರ್ಸ್ ಹಿ ಗೋಯಿಂಗ್?’ ಎಂದು ಉಳಿಯುತ್ತದೆ. ‘ಡಿಡ್’ ಕೂಡ ‘ವೇರ್ಡ್ ಯು ಗೋ?’ ಎಂದು ತನ್ನ ಕೊನೆಯ ‘ಡ್’ ಅನ್ನಾದರೂ ಉಳಿಸಿಕೊಳ್ಳುತ್ತದೆ. ಆಫ್ರಿಕನ್-ಅಮೆರಿಕನ್ ಇಂಗ್ಲಿಷಿನಲ್ಲಿ ಈ ಸವಕಳಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ, ಅಲ್ಲಿ ‘ವೇರ್ ಹಿ ಗೋಯಿಂಗ್?’ ಕೂಡ ಸಹಜ. 1969ರಲ್ಲಿ ವಿಲಿಯಂ ಲಬೋವ್ ಈ ಬಗ್ಗೆ ಪ್ರಕಟಿಸಿದ ಲೇಖನ ಭಾಷಾವಿಜ್ಞಾನದಲ್ಲಿ ಪ್ರಸಿದ್ಧವಾದದ್ದು. ಶಿಷ್ಟ ಇಂಗ್ಲಿಷಿನಲ್ಲಿ ‘ಈಸ್’, ‘ಆರ್’ಗಳನ್ನು ಕುಗ್ಗಿಸಿ ಹಿಂದಿನ ಪದಕ್ಕೆ ಅಂಟಿಸಲು ಎಲ್ಲಿ ಸಾಧ್ಯವೋ ಅಲ್ಲೆಲ್ಲ ಆ ಇಂಗ್ಲಿಷಿನಲ್ಲಿ ಅವನ್ನು ಪೂರ್ತಿ ಬಿಡಬಹುದು, ಕುಗ್ಗಿಸಲಾಗದ ಕಡೆ ಬಿಡಲೂ ಆಗದು ಎಂದು ಅವರು ತೋರಿಸಿದರು. ‘ಐ ನೋ ವೇರ್ ಹಿ ಈಸ್’ ಎಂಬ ವಾಕ್ಯದ ಕೊನೆಯ ‘ಈಸ್’ ಶಿಷ್ಟ ಇಂಗ್ಲಿಷಿನಲ್ಲಿ ಕುಗ್ಗುವುದಿಲ್ಲ, ಆ ಇಂಗ್ಲಿಷಿನಲ್ಲಿ ಅಳಿಯುವುದೂ ಇಲ್ಲ. ಅಶಿಕ್ಷಿತರ ಅಡ್ಡಾದಿಡ್ಡಿ ಮಾತೆಂದು ಹಳಿಯಲಾಗುತ್ತಿದ್ದ ಒಂದು ನುಡಿಗೆ ಎಷ್ಟು ಕರಾರುವಾಕ್ಕಾದ ಕಟ್ಟಳೆಯಿದೆ ಎಂಬುದು ಅದರಿಂದ ಬೆಳಕಿಗೆ ಬಂತು. ಅದೇ ನುಡಿಯಲ್ಲಿ ‘ಹೂ ದಟ್ ಈಸ್?’ ಎಂಬಂಥ ಪಲ್ಲಟವಿಲ್ಲದ ನೇರ ಪ್ರಶ್ನೆಗಳೂ ಇರುವುದರಿಂದ, ಪಲ್ಲಟ ಎಲ್ಲ ಇಂಗ್ಲಿಷ್‌ಗಳಿಗೂ ಅನಿವಾರ್ಯವೆಂದು ಹೇಳಲಾಗದು. ಇಲ್ಲಿ ತಪ್ಪೆಂದು ಕರೆಯುತ್ತಿರುವುದು ಶಿಷ್ಟ ಇಂಗ್ಲಿಷಿನ ಮತ್ತು ಅದರ ಸಲಿಗೆಯ ರೂಪದ ಅಳತೆಯಲ್ಲಿ ಮಾತ್ರ.

ಇಷ್ಟನ್ನು ಒಂದು ಸಂದರ್ಭಕ್ಕೆ ಅನ್ವಯಿಸಿ ನೋಡಬಹುದು. ಬೆಂಗಳೂರಿನ ಕಚೇರಿಯಲ್ಲಿ ಕುಳಿತ ಕನ್ನಡಿಗರೊಬ್ಬರು ಲಂಡನ್ನಿನ ಸಹೋದ್ಯೋಗಿಯನ್ನು ‘ಫೈಲ್ ನೋಡಿದಿರಾ?’ ಎಂದು ಕೇಳಬೇಕಾಗಿದೆ ಎಂದಿಟ್ಟುಕೊಳ್ಳೋಣ. ಬಾಯಿಗೆ ಮೊದಲು ಬರುವುದು ‘ಯು ಸಾ ದ ಫೈಲ್?’. ಕನ್ನಡದ ‘ನೋಡಿದಿರಾ’ ಯಾವ ಊಹೆಯನ್ನೂ ಹೊರದ ಸಪಾಟು ಪ್ರಶ್ನೆ, ಆದರೆ ‘ಸಾ’ ಎಂಬ ಭೂತರೂಪ ಕ್ರಿಯಾಪದದ ಮೇಲೇ ಉಳಿದಿರುವುದರಿಂದ ಲಂಡನ್ನಿನವರಿಗೆ ಅದು ಹೇಳಿಕಾ ಪ್ರಶ್ನೆಯಾಗಿ ಕೇಳಿಸುತ್ತದೆ: ‘ಓಹೋ, ಫೈಲನ್ನು ಆಗಲೇ ನೋಡಿಬಿಟ್ಟಿರಾ?’ ಎಂಬ ಧ್ವನಿ ಅದಕ್ಕೆ ಸೇರುತ್ತದೆ. ಫೈಲಿನಲ್ಲಿ ನೋಡಬಾರದ್ದೇನೋ ಇತ್ತೆಂದು ಅವರು ಶಂಕಿಸಿದರೂ ಅಚ್ಚರಿಯಿಲ್ಲ. ಔಪಚಾರಿಕ ರೂಪ ‘ಡಿಡ್ ಯು ಸೀ ದ ಫೈಲ್?’ ಅಥವಾ ‘ಹ್ಯಾವ್ ಯು ಸೀನ್ ದ ಫೈಲ್?’. ಸಲಿಗೆಯಿದ್ದರೆ ‘ಯು ಸೀ ದ ಫೈಲ್?’ ಅಥವಾ ‘ಯು ಸೀನ್ ದ ಫೈಲ್?’. ಸಾ, ಸೀ, ಸೀನ್ ಎಂಬ ಮೂರರಲ್ಲಿ ಮೊದಲನೆಯದು ಮಾತ್ರ ಕೇಳಿಸದ ಸಹಾಯಕ ಕ್ರಿಯಾಪದಕ್ಕೆ ಜಾಗ ಬಿಡುವುದಿಲ್ಲ. ಮೊಟಕು ಮಾಡುವುದಿದ್ದರೂ ಮೊದಲು ಪೂರ್ತಿ ಪ್ರಶ್ನೆಯನ್ನು ಮನಸ್ಸಿನಲ್ಲಿ ಕಟ್ಟಿ, ಆಮೇಲೆ ಮುಂದಿನ ಪದವನ್ನು ನುಂಗಬೇಕೆಂಬುದು ಇದರಿಂದ ದೊರೆಯುವ ಕೆಲಸಕ್ಕೆ ಬರುವ ವಿಧಾನ.

ಮುಂದಿನ ಪ್ರಶ್ನೆ ‘ನಿನ್ನೆ ಯಾಕೆ ನೋಡಲಿಲ್ಲ?’ ಎಂಬುದಾದರೆ ಹೆಚ್ಚಾಗಿ ಕೇಳಿಬರುವ ರೂಪ ‘ವೈ ಯು ಡಿಡಂಟ್ ಸಾ ಇಟ್ ಯೆಸ್ಟರ್ಡೇ?’. ಇದರಲ್ಲಿ ಎರಡು ಬೇರೆ ಬೇರೆ ದೋಷಗಳು ಸೇರಿವೆ. ಭೂತಕಾಲ ‘ಡಿಡಂಟ್’ನಲ್ಲಿ ಒಮ್ಮೆ, ‘ಸಾ’ದಲ್ಲಿ ಇನ್ನೊಮ್ಮೆ ಬಂದಿದೆ, ಅದನ್ನು ‘ಸೀ’ ಮಾಡಿದರೆ ‘ಯು ಡಿಡಂಟ್ ಸೀ ಇಟ್’ ಎಂಬ ಶುದ್ಧ ಹೇಳಿಕೆ ಸಿಗುತ್ತದೆ. ಆ ಹೇಳಿಕೆಯಲ್ಲಿ ‘ಡಿಡಂಟ್’ ಮತ್ತು ‘ಯು’ ಸ್ಥಳ ಬದಲಿಸಿಕೊಂಡು, ಅವುಗಳ ಮುಂದೆ ‘ವೈ’ ಬಂದರೆ ‘ವೈ ಡಿಡಂಟ್ ಯು ಸೀ ಇಟ್ ಯೆಸ್ಟರ್ಡೇ?’ ಸಿದ್ಧವಾಗುತ್ತದೆ. ‘ಡಿಡಂಟ್’ ಎಂಬುದನ್ನು ‘ಡಿಡ್’ ಮತ್ತು ‘ನಾಟ್’ ಎಂದು ಬಿಡಿಸಿ ಹೇಳುವುದಾದರೆ ‘ನಾಟ್’ ಕರ್ತೃವಿನ ಹಿಂದೆಯೇ ಉಳಿದು ‘ವೈ ಡಿಡ್ ಯು ನಾಟ್ ಸೀ ಇಟ್?’ ಎಂದಾಗುತ್ತದೆ, ಆದರೆ ಈ ರೂಪಕ್ಕೆ ಜಬರದಸ್ತಿನ ಅಥವಾ ವಿಚಾರಣೆಯ ಧ್ವನಿ ಇರುವುದರಿಂದ ಸಲಿಗೆಯ ಮಾತಿಗೆ ಅದು ಹೊಂದುವುದಿಲ್ಲ. ನಿಷೇಧವಿರುವುದರಿಂದ ಈ ಪ್ರಶ್ನೆಗೆ ಸಹಾಯಕ ಕ್ರಿಯಾಪದವನ್ನು ಬಿಟ್ಟ ಮೊಟಕು ರೂಪವೂ ಇಲ್ಲ. ಕೊನೆಗೆ ‘ಯಾವಾಗ ನೋಡುತ್ತೀರಿ ಎಂದು ತಿಳಿಸಿ’ ಎಂಬುದು ಬಂದಾಗ ‘ಯಾವಾಗ ನೋಡುತ್ತೀರೋ ತಿಳಿಸಿ’ ಎನ್ನಲು ಸಾಧ್ಯವಿರುವುದರಿಂದ ಅದು ಅಧೀನ ಪ್ರಶ್ನೆ, ‘ಲೆಟ್ ಮಿ ನೋ ವೆನ್ ಯು ಕ್ಯಾನ್ ಸೀ ಇಟ್’ ಎಂಬಲ್ಲಿ ‘ಯು’ವೇ ಮುಂದೆ. ಒಂದೇ ಸಂಭಾಷಣೆಯೊಳಗೆ ಪಲ್ಲಟ ಬೇಕಾದ ವಾಕ್ಯದ ಬೆನ್ನಿಗೇ ಬೇಡವಾದ ವಾಕ್ಯ ಬರುವುದರಿಂದ, ‘ಪ್ರಶ್ನೆಯೆಂದರೆ ತಿರುಗಿಸು’ ಎಂಬ ಒಂದೇ ಸಾಲಿನ ಪಾಠ ಕಲಿಯುವವರನ್ನು ಅರ್ಧದಲ್ಲಿ ಕೈಬಿಡುತ್ತದೆ.

ಪಲ್ಲಟವನ್ನು ಚೆನ್ನಾಗಿ ಕಲಿತವರು ಎಡವುವ ಜಾಗ ಬೇರೆ. ಪ್ರಶ್ನಾರ್ಥಕ ಪದವೇ ಕರ್ತೃವಾಗಿರುವ ವಾಕ್ಯಗಳಲ್ಲಿ, ಅಂದರೆ ಮಾಡಿದವರು ಯಾರು, ಆದದ್ದು ಏನು ಎಂದು ಕೇಳುವಾಗ, ‘ಡು’ ಬರುವುದಿಲ್ಲ: ‘ಹೂ ಟೋಲ್ಡ್ ಯು?’, ‘ವಾಟ್ ಹ್ಯಾಪನ್ಡ್?’, ‘ವಿಚ್ ಬಸ್ ಗೋಸ್ ಟು ಮೆಜೆಸ್ಟಿಕ್?’. ಇಲ್ಲಿ ಕರ್ತೃ ತಲೆಯಲ್ಲೇ ನಿಂತಿದೆ, ಕಾಲವನ್ನು ಹೊತ್ತ ಪದ ಹಾರಿ ದಾಟಬೇಕಾದ ಇನ್ನೊಂದು ಪದ ನಡುವೆ ಇಲ್ಲ, ಹಾಗಾಗಿ ಕಾಲ ಕ್ರಿಯಾಪದದ ಮೇಲೇ ಉಳಿಯುತ್ತದೆ. ‘ವಿಚ್ ಬಸ್ ಡಸ್ ಗೋ ಟು ಮೆಜೆಸ್ಟಿಕ್?’ ಎಂದು ಕೇಳಿದರೆ ವಾಕ್ಯ ಪೂರ್ತಿ ಅಶುದ್ಧವಾಗುವುದಿಲ್ಲ, ಆದರೆ ‘ಯಾವುದೂ ಹೋಗುವುದಿಲ್ಲ ಎನ್ನುತ್ತೀರಲ್ಲ, ಹಾಗಾದರೆ ಹೋಗುವುದಾದರೂ ಯಾವುದು?’ ಎಂಬ ಒತ್ತು ಅದಕ್ಕೆ ಬಂದುಬಿಡುತ್ತದೆ. ‘ಹೂ ಕಾಲ್ಡ್ ರವಿ?’ ಮತ್ತು ‘ಹೂ ಡಿಡ್ ರವಿ ಕಾಲ್?’ ಎಂಬ ಜೋಡಿಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಮೊದಲನೆಯದು ‘ರವಿಗೆ ಫೋನ್ ಮಾಡಿದ್ದು ಯಾರು?’ ಎಂದು ಕೇಳಿದರೆ ಎರಡನೆಯದು ‘ರವಿ ಫೋನ್ ಮಾಡಿದ್ದು ಯಾರಿಗೆ?’ ಎಂದು ಕೇಳುತ್ತದೆ. ಕನ್ನಡ ‘ಗೆ’ ಎಂಬ ವಿಭಕ್ತಿ ಪ್ರತ್ಯಯವನ್ನು ಅತ್ತಿಂದಿತ್ತ ಇಟ್ಟು ಮಾಡುವ ಈ ಕೆಲಸವನ್ನು ಇಂಗ್ಲಿಷ್ ಒಂದು ‘ಡಿಡ್’ ಇದೆಯೋ ಇಲ್ಲವೋ ಎಂಬುದರಿಂದಲೇ ಮಾಡುತ್ತದೆ, ಆದ್ದರಿಂದ ಎಷ್ಟೇ ಸಲಿಗೆಯಿದ್ದರೂ ಈ ‘ಡಿಡ್’ ಅನ್ನು ಯಾರೂ ಪೂರ್ತಿಯಾಗಿ ನುಂಗುವುದಿಲ್ಲ.